ಪಾಸ್‌ಬುಕ್ಕಿನಲ್ಲಿ ಹಣವಿದ್ದೂ ಕಂತು ವಾಪಸಾದಾಗ: ಹೋಟೆಲ್ ಮತ್ತು ಪೆಟ್ರೋಲ್ ಬಂಕ್ ಪಾವತಿಯ ನಂತರ ತಡೆಹಿಡಿದ ಮೊತ್ತವನ್ನು ಪತ್ತೆ ಮಾಡುವ ಬಗೆ

ದೋಷದ ಲಕ್ಷಣ

ಪಾಸ್‌ಬುಕ್ ನೋಡಿದರೆ ಖಾತೆಯಲ್ಲಿ 31,750 ರೂಪಾಯಿ ಇದೆ. ಅದೇ ದಿನ 22,000 ರೂಪಾಯಿಯ ಗೃಹಸಾಲದ ಕಂತು, ಸಾಕಷ್ಟು ಹಣವಿಲ್ಲ ಎಂಬ ಕಾರಣಕ್ಕೆ ವಾಪಸಾಗಿದೆ. ಎಟಿಎಂನಲ್ಲಿ ವಿಚಾರಿಸಿದರೆ ಪರದೆಯ ಮೇಲೆ 13,750 ರೂಪಾಯಿ ಎಂದು ಕಾಣಿಸುತ್ತದೆ. ಯಾರೋ ಹಣ ಹೊಡೆದಿದ್ದಾರೆ ಎಂಬ ಗಾಬರಿ ಮೊದಲು ಹುಟ್ಟುವುದು ಸಹಜವಾದರೂ, ಸ್ಟೇಟ್‌ಮೆಂಟನ್ನು ಮೇಲಿನಿಂದ ಕೆಳಗಿನವರೆಗೆ ಓದಿದಾಗ ಗುರುತಿಲ್ಲದ ಒಂದೇ ಒಂದು ನಮೂದೂ ಸಿಗುವುದಿಲ್ಲ. ಹಣ ಹೋಗಿದೆ ಎಂದು ಒಂದು ಕಡೆ ತೋರುತ್ತದೆ, ಹೋಗಿಲ್ಲ ಎಂದು ಇನ್ನೊಂದು ಕಡೆ ತೋರುತ್ತದೆ, ಮತ್ತು ಎರಡೂ ಬ್ಯಾಂಕಿನದೇ ಲೆಕ್ಕಗಳು.

ಈ ಬರಹದಲ್ಲಿ ತೆಗೆದುಕೊಂಡಿರುವುದು ಪುಣೆಯ ಚಿಂಚವಾಡದಲ್ಲಿ ನೆಲೆಸಿರುವ, ಮೂಲತಃ ವಿಜಯಪುರ ಜಿಲ್ಲೆಯವರಾದ ನೌಕರರೊಬ್ಬರು ಕುಟುಂಬದೊಡನೆ ಕಾರಿನಲ್ಲಿ ಗೋವಾಕ್ಕೆ ಹೋಗಿ ಬಂದ ಮೇಲೆ ಎದುರಿಸಿದ ಸ್ಥಿತಿಯನ್ನು. ಅವರು ಬಳಸಿದ್ದು ಉಳಿತಾಯ ಖಾತೆಗೆ ಜೋಡಿಸಿದ ಡೆಬಿಟ್ ಕಾರ್ಡನ್ನು. ಇದೇ ಘಟನೆ ಕ್ರೆಡಿಟ್ ಕಾರ್ಡಿನಲ್ಲಿ ನಡೆದಿದ್ದರೆ ಬಳಸಬಹುದಾದ ಮಿತಿಯಷ್ಟೇ ಕೆಲವು ದಿನ ಕಡಿಮೆಯಾಗುತ್ತಿತ್ತು, ಸಾಲದ ಕಂತಿಗೆ ಅದರ ಬಿಸಿ ತಟ್ಟುತ್ತಿರಲಿಲ್ಲ. ಹೋಟೆಲ್ ಕೌಂಟರಿನಲ್ಲಿ ಡೆಬಿಟ್ ಕಾರ್ಡ್ ಕೊಡುವುದು ಜಾಣತನವಲ್ಲ ಎಂಬ ನನ್ನ ಅಭಿಪ್ರಾಯಕ್ಕೆ ಇದೊಂದೇ ಕಾರಣ ಸಾಕು.

ಮೂರು ಅಂಕಿಗಳು ಏನನ್ನು ಹೇಳುತ್ತವೆ

ಲೆಡ್ಜರ್ ಶಿಲ್ಕು ಎಂದರೆ ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಈವರೆಗೆ ಜಮಾ ಅಥವಾ ಖರ್ಚು ಎಂದು ಬರೆದು ಮುಗಿಸಿದ ಎಲ್ಲ ನಮೂದುಗಳ ಒಟ್ಟು ಫಲ. ಪಾಸ್‌ಬುಕ್ ಮತ್ತು ಸ್ಟೇಟ್‌ಮೆಂಟಿನಲ್ಲಿ ಅಚ್ಚಾಗುವುದು ಇದೇ. ಇನ್ನೂ ಬರೆದು ಮುಗಿಸದ ವ್ಯವಹಾರಕ್ಕೆ ಅಲ್ಲಿ ಸಾಲು ಇರುವುದಿಲ್ಲ.

ತಡೆಹಿಡಿದ ಮೊತ್ತವನ್ನು ಬ್ಯಾಂಕಿನವರು ಹೋಲ್ಡ್ ಎಂದೋ ಲಿಯನ್ ಎಂದೋ ಕರೆಯುತ್ತಾರೆ. ವ್ಯಾಪಾರಿಯೊಬ್ಬನು ಕಾರ್ಡ್ ಯಂತ್ರದ ಮೂಲಕ ಇಷ್ಟು ಹಣ ಈ ಖಾತೆಯಲ್ಲಿದೆಯೇ ಎಂದು ಕೇಳಿದಾಗ, ಬ್ಯಾಂಕು ಇದೆ ಎಂದು ಒಪ್ಪಿಗೆ ಕೊಟ್ಟು, ಒಪ್ಪಿದಷ್ಟು ಹಣವನ್ನು ಬೇರೆ ಯಾರೂ ಮುಟ್ಟದಂತೆ ಬದಿಗಿರಿಸುತ್ತದೆ. ಹಣ ಖಾತೆಯನ್ನು ಬಿಟ್ಟು ಹೋಗಿರುವುದಿಲ್ಲ. ಉಳಿತಾಯ ಖಾತೆಯ ಬಡ್ಡಿಯನ್ನು ದಿನದಿನದ ಶಿಲ್ಕಿನ ಮೇಲೆ ಲೆಕ್ಕ ಹಾಕುವುದರಿಂದ, ತಡೆಯಲ್ಲಿರುವ ದಿನಗಳಲ್ಲಿಯೂ ಆ ಹಣಕ್ಕೆ ಬಡ್ಡಿ ಸೇರುತ್ತಲೇ ಇರುತ್ತದೆ. ಆದರೆ ಖಾತೆದಾರರು ಅದನ್ನು ಬಳಸುವಂತಿಲ್ಲ.

ಲಭ್ಯ ಶಿಲ್ಕು ಎಂದರೆ ಈ ಕ್ಷಣದಲ್ಲಿ ನಿಜವಾಗಿ ಖರ್ಚು ಮಾಡಬಹುದಾದ ಹಣ. ಮೂರಕ್ಕೂ ಇರುವ ಸಂಬಂಧ ಇಷ್ಟೇ:

```
ಲಭ್ಯ ಶಿಲ್ಕು = ಲೆಡ್ಜರ್ ಶಿಲ್ಕು − ತಡೆಹಿಡಿದ ಮೊತ್ತ − ಜಮಾ ಬರೆದೂ ಇನ್ನೂ ತೀರುವೆಯಾಗದ ಚೆಕ್ಕಿನ ಮೊತ್ತ
```

ಖಾತೆಗೆ ಓವರ್‌ಡ್ರಾಫ್ಟ್ ಅಥವಾ ಠೇವಣಿಯಿಂದ ತಾನಾಗಿ ಹಣ ಇಳಿಯುವ ಸೌಲಭ್ಯವಿದ್ದರೆ ಅದು ಲಭ್ಯ ಶಿಲ್ಕಿಗೆ ಸೇರಿಕೊಳ್ಳುತ್ತದೆ. ಅಂಥ ಸೌಲಭ್ಯವಿಲ್ಲದ ಸಾಮಾನ್ಯ ಉಳಿತಾಯ ಖಾತೆಯನ್ನೇ ಇಲ್ಲಿ ಗಮನದಲ್ಲಿಟ್ಟುಕೊಳ್ಳೋಣ. ಎಟಿಎಂ, ಯುಪಿಐ, ಚೆಕ್ಕು ಮತ್ತು ಸಾಲದ ಕಂತು, ಇವೆಲ್ಲವೂ ಲಭ್ಯ ಶಿಲ್ಕನ್ನು ನೋಡಿ ತೀರ್ಮಾನವಾಗುತ್ತವೆಯೇ ಹೊರತು ಪಾಸ್‌ಬುಕ್ಕಿನ ಅಂಕಿಯನ್ನು ನೋಡಿ ಅಲ್ಲ.

ಪ್ರಕರಣ, ದಿನದ ಲೆಕ್ಕದಲ್ಲಿ

ಹೊರಡುವ ದಿನ ಖಾತೆಯಲ್ಲಿ 48,600 ರೂಪಾಯಿ ಇತ್ತು, ಯಾವ ತಡೆಯೂ ಇರಲಿಲ್ಲ. ಒಂದನೇ ತಾರೀಖಿನಂದು ಕಲಂಗುಟ್‌ನ ಹೋಟೆಲಿನಲ್ಲಿ ಕೋಣೆ ಹಿಡಿದಾಗ, ತೆರಿಗೆ ಸೇರಿ ದಿನಕ್ಕೆ 4,200ರಂತೆ ಮೂರು ರಾತ್ರಿಗೆ 12,600 ರೂಪಾಯಿ ಬಾಡಿಗೆ ಎಂದು ಗೊತ್ತಾಗಿತ್ತು. ಊಟ ತಿಂಡಿಯ ಖರ್ಚಿಗೂ ಇರಲಿ ಎಂದು ಹೋಟೆಲಿನವರು ಕಾರ್ಡಿನ ಮೇಲೆ 15,000 ರೂಪಾಯಿಗೆ ಪ್ರೀ-ಆಥ್ ತೆಗೆದರು, ಅಂದರೆ ಅಷ್ಟು ಹಣವನ್ನು ಮುಂಗಡವಾಗಿ ತಡೆಹಿಡಿಸಿದರು. ಲೆಡ್ಜರ್ 48,600ರಲ್ಲಿಯೇ ನಿಂತಿತು, ಲಭ್ಯ ಶಿಲ್ಕು 33,600ಕ್ಕೆ ಇಳಿಯಿತು.

ಎರಡನೇ ತಾರೀಖು ಮಾಪುಸಾದ ಬಂಕಿನಲ್ಲಿ 3,000 ರೂಪಾಯಿಯ ಪೆಟ್ರೋಲ್ ಹಾಕಿಸಿದರು. ಕಾರ್ಡ್ ಹಾಕಿ ಪಿನ್ ಒತ್ತಿದ ಮೇಲೆ ಯಂತ್ರ ಬಹಳ ಹೊತ್ತು ಸುಮ್ಮನಿದ್ದು, ಚೀಟಿ ಕೊಡದೆ ಮೊದಲಿನ ಪರದೆಗೆ ಮರಳಿತು. ಬಂಕಿನ ಹುಡುಗ ಗದಗಿನ ಕಡೆಯವನು. "ಸರ, ಈ ಮಷೀನಿಗೆ ನೆಟ್‌ವರ್ಕ್ ಹತ್ತವಲ್ದರಿ, ಬ್ಯಾರೆದ್ರಾಗ ಹಾಕ್ತೀನ್ರಿ" ಎಂದು ಇನ್ನೊಂದು ಯಂತ್ರ ತಂದ. ಎರಡನೆಯದರಲ್ಲಿ ಚೀಟಿ ಬಂತು. ಮೊಬೈಲಿಗೆ ಮಾತ್ರ ತಲಾ 3,000 ರೂಪಾಯಿಯ ಎರಡು ಎಸ್ಎಂಎಸ್ ಬಂದಿದ್ದವು. ಈಗ ಲಭ್ಯ ಶಿಲ್ಕು 27,600. ಮರುದಿನ, ಚೀಟಿ ಬಂದ ವ್ಯವಹಾರವು ಪುಸ್ತಕಕ್ಕೆ ಏರಿ ಲೆಡ್ಜರ್ 45,600 ಆಯಿತು. ಚೀಟಿ ಬಾರದ 3,000 ತಡೆಯಲ್ಲಿಯೇ ಉಳಿಯಿತು.

ನಾಲ್ಕನೇ ತಾರೀಖು ಕೋಣೆ ಬಿಡುವಾಗ ಬಿಲ್ಲು 13,850 ರೂಪಾಯಿ ಆಗಿತ್ತು. ಹಿಂದೆ ತಡೆಹಿಡಿಸಿದ್ದ 15,000ದಲ್ಲಿಯೇ ಇದನ್ನು ಮುರಿದುಕೊಳ್ಳಬೇಕಾಗಿದ್ದ ಕ್ಯಾಷಿಯರ್, ಕಾರ್ಡನ್ನು ಮತ್ತೊಮ್ಮೆ ಕೇಳಿ ಪಡೆದು, ಹೊಸದಾಗಿ 13,850 ರೂಪಾಯಿಯ ಮಾರಾಟವನ್ನು ಯಂತ್ರದಲ್ಲಿ ಹಾಕಿದರು. ಖಾತೆದಾರರೂ ಪಿನ್ ಒತ್ತಿದರು. ಬಿಲ್ಲು ಕಟ್ಟುವಾಗ ಪಿನ್ ಕೇಳುವುದು ಯಾರಿಗೂ ವಿಚಿತ್ರವೆನಿಸುವುದಿಲ್ಲವಲ್ಲ. ಲಭ್ಯ ಶಿಲ್ಕು 13,750ಕ್ಕೆ ಬಿತ್ತು. ಆರನೇ ತಾರೀಖಿನ ಹೊತ್ತಿಗೆ ಈ ಮಾರಾಟವೂ ಪುಸ್ತಕಕ್ಕೆ ಏರಿ ಲೆಡ್ಜರ್ 31,750 ಆಯಿತು. ಏಳನೇ ತಾರೀಖು ಬಂದ ಕಂತಿಗೆ 22,000 ಬೇಕಿತ್ತು, ಇದ್ದದ್ದು 13,750.

ಇಲ್ಲಿ ಗಮನಿಸಬೇಕಾದದ್ದೆಂದರೆ, ಈವರೆಗೆ ಯಾರೂ ಎರಡು ಬಾರಿ ಹಣ ಪಡೆದಿಲ್ಲ. ಹೋಟೆಲಿಗೆ ಸೇರಿದ್ದು 13,850 ಮಾತ್ರ, ಬಂಕಿಗೆ ಸೇರಿದ್ದು 3,000 ಮಾತ್ರ. ಲೆಡ್ಜರ್ ಹೇಳುತ್ತಿರುವುದು ಸತ್ಯವನ್ನೇ. ಕಂತು ವಾಪಸಾದದ್ದು ಕೂಡ ಬ್ಯಾಂಕಿನ ತಪ್ಪಲ್ಲ. ದೋಷವಿರುವುದು ಕೆಲಸ ಮುಗಿದ ಮೇಲೂ ತೆರವಾಗದ ಎರಡು ತಡೆಗಳಲ್ಲಿ.

ಮೊದಲ ಪರೀಕ್ಷೆ: ಕಳೆಯುವ ಲೆಕ್ಕ

ಲೆಡ್ಜರ್ ಮತ್ತು ಲಭ್ಯ ಶಿಲ್ಕುಗಳನ್ನು ಒಂದೇ ಹೊತ್ತಿನಲ್ಲಿ ನೋಡಿ ಬರೆದುಕೊಳ್ಳಬೇಕು. ಬೆಳಗಿನ ಪಾಸ್‌ಬುಕ್ಕಿನ ಅಂಕಿಯನ್ನು ಸಂಜೆಯ ಎಟಿಎಂ ಅಂಕಿಯೊಡನೆ ಹೋಲಿಸಿದರೆ ನಡುವೆ ನಡೆದ ವ್ಯವಹಾರಗಳು ಸೇರಿಕೊಂಡು ಲೆಕ್ಕ ಕೆಡುತ್ತದೆ. ನೆಟ್ ಬ್ಯಾಂಕಿಂಗಿನಲ್ಲಿ ಖಾತೆಯ ವಿವರ ತೆರೆದರೆ ಹಲವು ಬ್ಯಾಂಕುಗಳಲ್ಲಿ `Available Balance` ಜೊತೆಗೆ `Lien Amount` ಅಥವಾ `Hold Amount` ಎಂಬ ಸಾಲು ಇರುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಈ ಸಾಲನ್ನು ಒಳಗೆಲ್ಲೋ ಅಡಗಿಸಿಡುವುದು ವಾಡಿಕೆ; ಕಾಣದಿದ್ದರೆ ಶಾಖೆಗೆ ಹೋಗಿ ಲಿಯನ್ ವಿವರವನ್ನು ಕೇಳಬಹುದು. ಎಷ್ಟು ಮೊತ್ತ, ಯಾವ ದಿನ, ಯಾವ ಕಾರಣಕ್ಕೆ ಎಂಬುದು ಅಲ್ಲಿಯ ಸಿಬ್ಬಂದಿಯ ಪರದೆಯಲ್ಲಿ ಒಂದೊಂದಾಗಿ ಕಾಣುತ್ತದೆ. ಒಟ್ಟು ಮೊತ್ತವನ್ನಷ್ಟೇ ಕೇಳಿಕೊಂಡು ಬಂದರೆ ಪ್ರಯೋಜನವಿಲ್ಲ, ಬಿಡಿಬಿಡಿಯಾದ ಪಟ್ಟಿಯೇ ಬೇಕು.

ನಮ್ಮ ಪ್ರಕರಣದಲ್ಲಿ 31,750ರಿಂದ 13,750 ಕಳೆದರೆ 18,000. ಈ ಅಂಕಿಯನ್ನು ಪ್ರವಾಸದ ಎಸ್ಎಂಎಸ್‌ಗಳ ಪಕ್ಕದಲ್ಲಿಟ್ಟು ನೋಡಿದರೆ 15,000 ಮತ್ತು 3,000 ಎಂದು ತಾನಾಗಿ ಒಡೆಯುತ್ತದೆ. ಇಷ್ಟು ನಿಖರವಾಗಿ ಹೊಂದಿದರೆ ಕಳವಿನ ಶಂಕೆಯನ್ನು ಬಿಡಬಹುದು. ಹೊಂದದೆ ಹೋದರೆ, ಅಥವಾ ಯಾವ ಖರೀದಿಗೂ ಸಂಬಂಧಿಸದ ತಡೆ ಪಟ್ಟಿಯಲ್ಲಿ ಕಂಡರೆ, ಅದು ಬೇರೆಯದೇ ಜಾತಿಯದು: ಐಪಿಒಗೆ ಅರ್ಜಿ ಹಾಕಿದಾಗ ತಡೆದ ಹಣವಿರಬಹುದು, ಬ್ಯಾಂಕಿಗೆ ಬರಬೇಕಾದ ಬಾಕಿ ಶುಲ್ಕವಿರಬಹುದು, ಸೈಬರ್ ವಂಚನೆಯ ದೂರಿನ ಮೇಲೆ ಪೊಲೀಸರ ಸೂಚನೆಯಂತೆ ಹಾಕಿದ ತಡೆಯೂ ಇರಬಹುದು. ಅವುಗಳ ದಾರಿಯೇ ಬೇರೆ. ಹೋಟೆಲಿಗೆ ಫೋನ್ ಮಾಡಿ ಫಲವಿಲ್ಲ.

ಎಸ್ಎಂಎಸ್‌ನ ಒಕ್ಕಣೆಯನ್ನು ನಂಬಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಮುಂಗಡ ತಡೆಗೂ ನಿಜವಾದ ಖರ್ಚಿಗೂ ಒಂದೇ ಬಗೆಯ ಸಂದೇಶ ಕಳಿಸುವ ಬ್ಯಾಂಕುಗಳಿವೆ, ಮತ್ತು ಹಣ ಕಡಿತವಾಗಿದೆ ಎಂಬ ಮಾತು ಎರಡರಲ್ಲಿಯೂ ಇರಬಹುದು. ಸ್ಟೇಟ್‌ಮೆಂಟಿನಲ್ಲಿ ಸಾಲು ಇದೆಯೇ ಇಲ್ಲವೇ ಎಂಬುದೇ ಒರೆಗಲ್ಲು: ಸಾಲು ಇದ್ದರೆ ಖರ್ಚು, ಸಾಲು ಇಲ್ಲದೆ ಲಭ್ಯ ಶಿಲ್ಕು ಮಾತ್ರ ಇಳಿದಿದ್ದರೆ ತಡೆ.

ಇದಕ್ಕೊಂದು ಅಪವಾದವಿದೆ, ಅದು ಅಪರೂಪದ್ದೇನೂ ಅಲ್ಲ. ಕೆಲವು ಬ್ಯಾಂಕುಗಳು ಡೆಬಿಟ್ ಕಾರ್ಡಿನ ವ್ಯವಹಾರಕ್ಕೆ ಲಿಯನ್ ಹಾಕುವ ಗೋಜಿಗೇ ಹೋಗದೆ, ಒಪ್ಪಿಗೆ ಕೊಟ್ಟ ಕ್ಷಣದಲ್ಲಿಯೇ ಮೊತ್ತವನ್ನು ಖಾತೆಯಿಂದ ಕಳೆದು ಪುಸ್ತಕಕ್ಕೆ ಬರೆದುಬಿಡುತ್ತವೆ. ಅಂಥ ಖಾತೆಯಲ್ಲಿ ಲೆಡ್ಜರ್ ಮತ್ತು ಲಭ್ಯ ಶಿಲ್ಕು ಎರಡೂ ಒಟ್ಟಿಗೆ ಇಳಿಯುತ್ತವೆ, ಕಳೆಯುವ ಲೆಕ್ಕದಲ್ಲಿ ಸೊನ್ನೆ ಬರುತ್ತದೆ, ಲಿಯನ್ ಪಟ್ಟಿಯೂ ಖಾಲಿ ಇರುತ್ತದೆ. ಆಗ ಹುಡುಕಬೇಕಾದದ್ದು ತಡೆಯ ತೆರವನ್ನಲ್ಲ, ಅದೇ ಮೊತ್ತದ ಜಮಾ ನಮೂದನ್ನು. ಯುಪಿಐ ಮೂಲಕ ಬಂಕಿನಲ್ಲಿ ಕೊಟ್ಟ ಹಣದ್ದೂ ಇದೇ ರೀತಿ: ಕೋಡ್ ಸ್ಕ್ಯಾನ್ ಮಾಡಿ ಕೊಟ್ಟರೆ ಹಣ ನೇರವಾಗಿ ಕಡಿತವಾಗುತ್ತದೆ, ವಿಫಲವಾದರೆ ವಾಪಸ್ ಜಮಾ ಆಗುತ್ತದೆ, ನಡುವೆ ತಡೆಯೆಂಬ ಹಂತ ಇರುವುದಿಲ್ಲ.

ಎರಡನೇ ಪರೀಕ್ಷೆ: ಹೋಟೆಲಿನ ಎರಡು ಚೀಟಿಗಳು

ಹೋಟೆಲಿನ 15,000 ಯಾಕೆ ಉಳಿಯಿತು ಎಂಬುದಕ್ಕೆ ಉತ್ತರ ಕೋಣೆ ಹಿಡಿದ ದಿನದ ಚೀಟಿ ಮತ್ತು ಬಿಟ್ಟ ದಿನದ ಚೀಟಿಗಳಲ್ಲಿರುತ್ತದೆ. ಕಾರ್ಡ್ ಯಂತ್ರದ ಚೀಟಿಯಲ್ಲಿ ಮೊತ್ತಕ್ಕಿಂತ ಮೇಲೆ ವ್ಯವಹಾರದ ಬಗೆಯನ್ನು ಅಚ್ಚು ಮಾಡಿರುತ್ತಾರೆ. ಮೊದಲ ದಿನದ್ದರ ಮೇಲೆ `PRE AUTH` ಎಂದಿತ್ತು. ಕೊನೆಯ ದಿನದ್ದರ ಮೇಲೆ ಆ ಪ್ರೀ-ಆಥ್ ಪೂರ್ತಿಯಾಯಿತು ಎಂಬರ್ಥದ `COMPLETION` ಎಂಬ ಪದ ಇರಬೇಕಾಗಿತ್ತು. ಇದ್ದದ್ದು `SALE` ಎಂದು.

ಕೆಳಗೆ ಒಪ್ಪಿಗೆಯ ಸಂಖ್ಯೆಯೊಂದು ಇರುತ್ತದೆ, ಸಾಮಾನ್ಯವಾಗಿ ಆರು ಅಕ್ಷರಗಳದ್ದು, ಚೀಟಿಯಲ್ಲಿ `APPR CODE` ಎಂದು ಕಾಣಿಸುತ್ತದೆ. ಪ್ರೀ-ಆಥ್ ಪೂರ್ತಿಗೊಳಿಸುವಾಗ ಕ್ಯಾಷಿಯರ್ ಹಳೆಯ ಚೀಟಿಯ ಈ ಸಂಖ್ಯೆಯನ್ನು ಯಂತ್ರಕ್ಕೆ ಕೊಟ್ಟು, ಅಂತಿಮ ಮೊತ್ತವನ್ನು ಒತ್ತುತ್ತಾರೆ. ಹೀಗೆ ಮಾಡಿದಾಗ ಬ್ಯಾಂಕಿನ ಗಣಕಕ್ಕೆ, ಬಂದಿರುವ 13,850 ಹಿಂದಿನ 15,000ದ ಒಪ್ಪಿಗೆಗೆ ಸೇರಿದ್ದೆಂದು ತಿಳಿಯುತ್ತದೆ. ಅದು ತಡೆಯನ್ನು ತೆಗೆದು, 13,850ನ್ನು ಖರ್ಚು ಬರೆದು, ಮಿಕ್ಕ 1,150ನ್ನು ಬಿಟ್ಟುಕೊಡುತ್ತದೆ. ಹೊಸ ಮಾರಾಟವಾಗಿ ಹಾಕಿದಾಗ ಸಂಖ್ಯೆ ಬೇರೆಯಾಗುತ್ತದೆ. ಒಂದೇ ಹೋಟೆಲ್, ಒಂದೇ ಕಾರ್ಡ್, ಹತ್ತಿರಹತ್ತಿರದ ಮೊತ್ತ ಎಂಬುದು ಮನುಷ್ಯನ ಕಣ್ಣಿಗೆ ಸಾಕು, ಗಣಕಕ್ಕೆ ಸಾಲದು. ಅದರ ಪಾಲಿಗೆ 13,850 ಸಂಬಂಧವಿಲ್ಲದ ಇನ್ನೊಂದು ಖರೀದಿ, 15,000ದ ಲೆಕ್ಕ ಇನ್ನೂ ಬರಬೇಕಾಗಿದೆ. ಎರಡು ಚೀಟಿಗಳಲ್ಲಿ ಒಪ್ಪಿಗೆಯ ಸಂಖ್ಯೆ ಬೇರೆಬೇರೆ ಇದ್ದು, ಎರಡನೆಯದರ ಮೇಲೆ `SALE` ಎಂದಿದ್ದರೆ, ರೋಗ ಗೊತ್ತಾಯಿತು ಎಂದೇ ತಿಳಿಯಬಹುದು.

ಬಿಡಿಸದೆ ಹಾಗೇ ಇಟ್ಟರೆ ಈ ತಡೆ ಎಂದಾದರೊಂದು ದಿನ ತಾನಾಗಿ ತೆರವಾಗುತ್ತದೆ. ಆ ಅವಧಿಯನ್ನು ಕಾರ್ಡ್ ಜಾಲದ ನಿಯಮ ಮತ್ತು ಕಾರ್ಡ್ ಕೊಟ್ಟ ಬ್ಯಾಂಕಿನ ವ್ಯವಸ್ಥೆ ನಿರ್ಧರಿಸುತ್ತವೆ. ವಾಸ್ತವ್ಯದ ಪ್ರೀ-ಆಥ್‌ಗಳು ದೀರ್ಘಕಾಲದವು, ಒಂದು ವಾರದಿಂದ ಸುಮಾರು ಒಂದು ತಿಂಗಳವರೆಗೆ ಉಳಿಯುವುದುಂಟು. ಕಂತು ಮತ್ತೆ ಬರುವುದರೊಳಗೆ ಅದು ತೆರವಾಗುತ್ತದೆ ಎಂದು ಕಾಯುತ್ತಾ ಕೂರುವಂತಿಲ್ಲ.

ತಡೆಯನ್ನು ಬಿಡಿಸುವುದು

ಇಲ್ಲಿ ಬಹಳ ಜನ ಸಿಕ್ಕಿಕೊಳ್ಳುವ ಸುಳಿಯೊಂದಿದೆ. ಹೋಟೆಲಿಗೆ ಫೋನ್ ಮಾಡಿ "ನಮ್ಮ 15,000 ವಾಪಸ್ ಮಾಡಿ" ಎಂದರೆ ಲೆಕ್ಕ ವಿಭಾಗದವರು ತಮ್ಮ ಬ್ಯಾಂಕಿನ ಜಮಾ ಪಟ್ಟಿ ನೋಡಿ "ಅಷ್ಟು ಹಣ ನಮಗೆ ಬಂದೇ ಇಲ್ಲ" ಎನ್ನುತ್ತಾರೆ. ಅದು ನಿಜ. ನಿಮ್ಮ ಬ್ಯಾಂಕನ್ನು ಕೇಳಿದರೆ "ತಡೆ ಹಾಕಿಸಿದವರು ಹೋಟೆಲಿನವರು, ಅವರೇ ಬಿಡಬೇಕು" ಎನ್ನುತ್ತಾರೆ. ಅದೂ ನಿಜ. ಹಣ ಕೇಳಿದ್ದರಿಂದ ಹುಟ್ಟಿದ ತೊಡಕು ಇದು; ಹೋಟೆಲಿನಿಂದ ಬೇಕಾಗಿರುವುದು ಹಣವಲ್ಲ, ಪ್ರೀ-ಆಥ್ ರದ್ದತಿ. ಈ ಮಾತನ್ನೇ ಹಾಗೇ ಹೇಳಿದರೆ ಕೌಂಟರಿನ ಮ್ಯಾನೇಜರಿಗೆ ತಕ್ಷಣ ಅರ್ಥವಾಗುತ್ತದೆ.

ರದ್ದತಿಗೆ ಎರಡು ದಾರಿಗಳಿವೆ. ಯಂತ್ರದಲ್ಲಿ ಪ್ರೀ-ಆಥ್ ರದ್ದು ಮಾಡುವ ಸೌಲಭ್ಯವಿದ್ದು, ಹಳೆಯ ಚೀಟಿಯ ಪ್ರತಿ ಹೋಟೆಲಿನಲ್ಲಿದ್ದರೆ, ಅವರು ಅಲ್ಲಿಂದಲೇ ಬಿಡುಗಡೆಯ ಸೂಚನೆ ಕಳಿಸಬಹುದು. ಯಂತ್ರದಿಂದ ಆಗದಿದ್ದರೆ ಹೋಟೆಲಿನ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕು. ಅದರಲ್ಲಿ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳು, ಪ್ರೀ-ಆಥ್ ದಿನಾಂಕ, 15,000 ಎಂಬ ಮೊತ್ತ, ಒಪ್ಪಿಗೆಯ ಸಂಖ್ಯೆ ಇವಿಷ್ಟಿದ್ದು, ಬಿಲ್ಲಿನ ಹಣ 13,850 ಬೇರೆ ವ್ಯವಹಾರದಲ್ಲಿ ಸಂದಾಯವಾಗಿದೆ, ಈ ಪ್ರೀ-ಆಥ್ ಮೇಲೆ ನಾವು ಹಣ ಕೇಳುವುದಿಲ್ಲ, ತಡೆಯನ್ನು ಬಿಡಬಹುದು ಎಂಬ ಒಕ್ಕಣೆ ಇರಬೇಕು. ಕಾರ್ಡಿನ ಪೂರ್ತಿ ಸಂಖ್ಯೆಯನ್ನು ಪತ್ರದಲ್ಲಾಗಲಿ ಇಮೇಲಿನಲ್ಲಾಗಲಿ ಬರೆಯುವ ಅಗತ್ಯವಿಲ್ಲ, ಕೇಳಿದರೂ ಕೊಡಬಾರದು. ಈ ಪತ್ರ, ಎರಡು ಚೀಟಿಗಳ ಪ್ರತಿ ಮತ್ತು ಹೋಟೆಲ್ ಬಿಲ್ಲನ್ನು ಬ್ಯಾಂಕಿಗೆ ಕೊಟ್ಟು ದೂರಿನ ಸಂಖ್ಯೆ ಪಡೆಯಬೇಕು. ಚಿಂಚವಾಡದ ಶಾಖೆಯ ಸಿಬ್ಬಂದಿ ತಾವೇ ತಡೆ ಎತ್ತುವುದಿಲ್ಲ, ಕಾರ್ಡ್ ವಿಭಾಗಕ್ಕೆ ಕಳಿಸುತ್ತಾರೆ. ಪತ್ರದಲ್ಲಿ ಒಪ್ಪಿಗೆಯ ಸಂಖ್ಯೆ ಇಲ್ಲದಿದ್ದರೆ ಅದು ಅಲ್ಲಿಂದ ಹಾಗೇ ಮರಳುವ ಸಾಧ್ಯತೆ ಹೆಚ್ಚು.

ಚೀಟಿ ಕಳೆದುಹೋಗಿದ್ದರೆ ಕೈ ಚೆಲ್ಲಬೇಕಾಗಿಲ್ಲ. ಒಪ್ಪಿಗೆಯ ಸಂಖ್ಯೆ ಹೋಟೆಲಿನ ಯಂತ್ರದ ದಾಖಲೆಯಲ್ಲಿಯೂ ನಿಮ್ಮ ಬ್ಯಾಂಕಿನ ಕಾರ್ಡ್ ವಿಭಾಗದ ದಾಖಲೆಯಲ್ಲಿಯೂ ಇರುತ್ತದೆ. ದಿನಾಂಕ ಮತ್ತು ಮೊತ್ತ ಹೇಳಿದರೆ ಹುಡುಕಿ ಕೊಡುತ್ತಾರೆ.

ಬಂಕಿನ 3,000 ಬೇರೆ ಕಥೆ

ಪೆಟ್ರೋಲ್ ಬಂಕಿನ ತಡೆಯ ಬಗ್ಗೆ ಓದಲು ಸಿಗುವ ಬಹಳಷ್ಟು ವಿವರಣೆ ಅಮೆರಿಕದ ಬಂಕುಗಳದ್ದು. ಅಲ್ಲಿ ಗ್ರಾಹಕರು ತಾವೇ ಇಂಧನ ತುಂಬಿಕೊಳ್ಳುವುದರಿಂದ, ಎಷ್ಟು ತುಂಬುತ್ತಾರೋ ತಿಳಿಯುವ ಮೊದಲೇ ಯಂತ್ರವು ಒಂದು ಅಂದಾಜು ಮೊತ್ತವನ್ನು ತಡೆಹಿಡಿಯುತ್ತದೆ. ಮಾಪುಸಾದಲ್ಲಾಗಲಿ ಪುಣೆಯಲ್ಲಾಗಲಿ ಮೊದಲು ಹುಡುಗ ಪೆಟ್ರೋಲ್ ಹಾಕುತ್ತಾನೆ, ಆಮೇಲೆ ಸರಿಯಾದ ಮೊತ್ತಕ್ಕೆ ಕಾರ್ಡ್ ಹಾಕುತ್ತಾನೆ. ಅಂದಾಜಿನ ತಡೆಗೆ ಇಲ್ಲಿ ಸಾಮಾನ್ಯವಾಗಿ ಕಾರಣವೇ ಇಲ್ಲ. ನಮ್ಮಲ್ಲಿ ಬಂಕಿನ ಹೆಸರಿನಲ್ಲಿ ತಡೆ ಉಳಿದಿದ್ದರೆ, ಅದು ಬಹುಪಾಲು ಅರ್ಧಕ್ಕೆ ನಿಂತ ವ್ಯವಹಾರದ್ದು.

ನಡೆದದ್ದು ಹೀಗೆ. ಮೊದಲ ಯಂತ್ರದ ಕೋರಿಕೆ ಬ್ಯಾಂಕನ್ನು ತಲುಪಿತು, ಬ್ಯಾಂಕು ಒಪ್ಪಿ 3,000 ರೂಪಾಯಿಯನ್ನು ತಡೆಹಿಡಿದು ಎಸ್ಎಂಎಸ್ ಕಳಿಸಿತು, ಆದರೆ ಒಪ್ಪಿಗೆಯ ಉತ್ತರ ಯಂತ್ರಕ್ಕೆ ಮರಳುವಷ್ಟರಲ್ಲಿ ಸಂಪರ್ಕ ಕಡಿದುಹೋಗಿತ್ತು. ಉತ್ತರ ಬಾರದಿದ್ದಾಗ ಯಂತ್ರವು ರದ್ದತಿಯ ಸೂಚನೆಯೊಂದನ್ನು ಸಿದ್ಧಮಾಡಿಟ್ಟುಕೊಂಡು, ಮುಂದಿನ ಸಂಪರ್ಕ ಸಿಕ್ಕಾಗ, ಸಾಮಾನ್ಯವಾಗಿ ಮುಂದಿನ ಕಾರ್ಡ್ ಹಾಕುವ ಮೊದಲು, ಅದನ್ನು ಕಳಿಸುತ್ತದೆ. ಅದೇ ಯಂತ್ರದಲ್ಲಿ ಮತ್ತೊಮ್ಮೆ ಹಾಕಿದಾಗ ಮೊದಲ ಮೊತ್ತ ನಿಮಿಷಗಳಲ್ಲಿ ವಾಪಸಾಗಿರುವುದನ್ನು ಕೆಲವರು ನೋಡಿರುತ್ತಾರೆ, ಕಾರಣ ಇದು. ಇಲ್ಲಿ ಹುಡುಗ ತಂದದ್ದು ಬೇರೆ ಯಂತ್ರ. ರದ್ದತಿಯ ಸೂಚನೆ ನೆಟ್‌ವರ್ಕ್ ಇಲ್ಲದ ಮೊದಲ ಯಂತ್ರದ ಹೊಟ್ಟೆಯಲ್ಲಿಯೇ ಉಳಿಯಿತು.

ಇದನ್ನು ದೃಢಪಡಿಸಿಕೊಳ್ಳಲು ಬಂಕಿನ ಆ ದಿನದ ಸೆಟಲ್‌ಮೆಂಟ್ ಪಟ್ಟಿ, ಅಂದರೆ ಪ್ರತಿ ಯಂತ್ರವು ಹಣ ವಸೂಲಿಗೆ ಬ್ಯಾಂಕಿಗೆ ಕಳಿಸಿದ ವ್ಯವಹಾರಗಳ ಪಟ್ಟಿ ಸಾಕು. ಚೀಟಿ ಬಂದ ವ್ಯವಹಾರ ಎರಡನೇ ಯಂತ್ರದ ಪಟ್ಟಿಯಲ್ಲಿರುತ್ತದೆ. ಚೀಟಿ ಬಾರದ್ದು ಎರಡರಲ್ಲಿಯೂ ಇರುವುದಿಲ್ಲ. ಎರಡೂ ವ್ಯವಹಾರಗಳು ಪಟ್ಟಿಯಲ್ಲಿದ್ದರೆ ಮಾತ್ರ ಅದು ನಿಜವಾದ ಎರಡು ಬಾರಿಯ ವಸೂಲಿ, ಮತ್ತು ಆಗ ಬಂಕೇ ಹಣ ಹಿಂದಿರುಗಿಸಬೇಕು.

ಅರ್ಧಕ್ಕೆ ನಿಂತ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಗಡುವು ಹಾಕಿದೆ. ಖಾತೆಯಿಂದ ಹಣ ಕಡಿತವಾಗಿ, ವ್ಯಾಪಾರಿಯ ಬಳಿ ಚೀಟಿ ಬಾರದಿದ್ದರೆ, ವ್ಯವಹಾರದ ದಿನದಿಂದ ಐದು ದಿನಗಳೊಳಗೆ ಅದು ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ, ಅದೂ ಗ್ರಾಹಕರ ದೂರಿಗಾಗಿ ಕಾಯದೆ. ಎರಡನೇ ತಾರೀಖಿನ 3,000ಕ್ಕೆ ಗಡುವು ಏಳನೇ ತಾರೀಖು. ಎಂಟರಂದೂ ತಡೆ ಹಾಗೇ ಇದ್ದರೆ ಬ್ಯಾಂಕಿಗೆ ಬರೆಯುವ ದೂರಿನಲ್ಲಿ ಈ ಸುತ್ತೋಲೆಯ ದಿನಾಂಕವನ್ನು ಉಲ್ಲೇಖಿಸಬಹುದು. ಹೋಟೆಲಿನ 15,000ಕ್ಕೆ ಮಾತ್ರ ಇದೇ ಗಡುವನ್ನು ಹಿಡಿದು ವಾದಿಸಲು ಬರುವುದಿಲ್ಲ. ಆ ಪ್ರೀ-ಆಥ್ ವಿಫಲವಾದ ವ್ಯವಹಾರವಲ್ಲ. ಸರಿಯಾಗಿಯೇ ನಡೆದು, ಸರಿಯಾಗಿ ಮುಗಿಯದೆ ಉಳಿದದ್ದು.

ಬ್ಯಾಂಕು 30 ದಿನಗಳಾದರೂ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು. ಇಂಥ ಪ್ರಕರಣ ಅಲ್ಲಿಯವರೆಗೆ ಹೋಗಬೇಕಾಗುವುದು ಕಡಿಮೆ. ಸರಿಯಾದ ಪತ್ರ ಸಿಕ್ಕರೆ ಕಾರ್ಡ್ ವಿಭಾಗದಲ್ಲಿಯೇ ಮುಗಿಯುತ್ತದೆ.

ತಡೆ ತೆರವಾದ ಮೇಲೂ ಉಳಿಯುವ ಅನುಮಾನ

ತಡೆ ತೆರವಾಗಿ ಲಭ್ಯ ಶಿಲ್ಕು ಮೇಲೇರಿದ ಕೂಡಲೇ ವ್ಯವಹಾರ ಸತ್ತಿತು ಎಂದು ತಿಳಿಯುವುದು ಸರಿಯಲ್ಲ. ವ್ಯಾಪಾರಿಯು ತನ್ನ ಯಂತ್ರದ ದಿನದ ಲೆಕ್ಕವನ್ನು ಸಕಾಲದಲ್ಲಿ ಬ್ಯಾಂಕಿಗೆ ಕಳಿಸದೆ ಇದ್ದಾಗ, ನಿಜವಾದ ಖರೀದಿಯ ತಡೆಯೂ ಅವಧಿ ತೀರಿ ತೆರವಾಗುತ್ತದೆ, ಹಣ ವಾಪಸ್ ಬಂದಂತೆ ಕಾಣುತ್ತದೆ. ಕೆಲವು ದಿನ ಕಳೆದು ಲೆಕ್ಕ ಬಂದಾಗ ಅದೇ ಮೊತ್ತ ಈ ಸಲ ನೇರವಾಗಿ ಲೆಡ್ಜರಿನಿಂದ ಕಡಿತವಾಗುತ್ತದೆ. ಹೋಟೆಲಿನ ಬಿಲ್ಲು ಅಥವಾ ಬಂಕಿನ ಚೀಟಿ ನಿಮ್ಮ ಕೈಯಲ್ಲಿದ್ದು, ಸ್ಟೇಟ್‌ಮೆಂಟಿನಲ್ಲಿ ಅದಕ್ಕೆ ತಕ್ಕ ಸಾಲು ಇನ್ನೂ ಬಂದಿರದಿದ್ದರೆ, ತೆರವಾದ ತಡೆಯ ಹಣವನ್ನು ಮುಟ್ಟದಿರುವುದು ಕ್ಷೇಮ. ನಮ್ಮ ಪ್ರಕರಣದಲ್ಲಿ 13,850 ಮತ್ತು ಒಂದು 3,000 ಎರಡೂ ಪುಸ್ತಕಕ್ಕೆ ಏರಿದ್ದರಿಂದ ಆ ಭಯವಿರಲಿಲ್ಲ. ಹೋಟೆಲಿನ ಪತ್ರ ಕೇಳುವುದಕ್ಕೆ ಇದೂ ಒಂದು ಕಾರಣ: 15,000ದ ಮೇಲೆ ಇನ್ನು ಹಣ ಕೇಳುವುದಿಲ್ಲವೆಂಬ ಬರಹ ಕೈಯಲ್ಲಿದ್ದು, ಆಮೇಲೂ ಯಾರಾದರೂ ಹಳೆಯ ಪ್ರೀ-ಆಥ್‌ ಮೇಲೆ ವಸೂಲಿ ಮಾಡಿದರೆ, ವಿವಾದ ಹೂಡಲು ಅದೇ ಆಧಾರವಾಗುತ್ತದೆ.

ವಾಪಸಾದ ಕಂತಿನ ವಿಷಯ

ತಡೆ ಬಿಡುವವರೆಗೆ ಕಾಯದೆ, ಬೇರೆ ಖಾತೆಯಿಂದ ಕಂತಿನ ಹಣವನ್ನು ಸಾಲ ಕೊಟ್ಟ ಸಂಸ್ಥೆಗೆ ನೇರವಾಗಿ ಕಟ್ಟಿ ರಸೀದಿ ಪಡೆಯಬೇಕು. ಹಾಗೆ ಕಟ್ಟಿರುವುದನ್ನು ಅವರಿಗೆ ತಿಳಿಸುವುದನ್ನೂ ಮರೆಯಬಾರದು, ಏಕೆಂದರೆ ವಾಪಸಾದ ಕಂತನ್ನು ಅವರು ಕೆಲವು ದಿನಗಳಲ್ಲಿ ಮತ್ತೊಮ್ಮೆ ಖಾತೆಗೆ ಕಳಿಸುವ ಸಂಭವವಿದೆ, ಅಷ್ಟರಲ್ಲಿ ತಡೆ ತೆರವಾಗಿದ್ದರೆ ಅದೂ ಕಡಿತವಾಗುತ್ತದೆ. ಕಂತು ವಾಪಸಾದದ್ದಕ್ಕೆ ನಿಮ್ಮ ಬ್ಯಾಂಕು ಒಂದು ಶುಲ್ಕ, ಸಾಲ ಕೊಟ್ಟವರು ಇನ್ನೊಂದು ಶುಲ್ಕ ಹಾಕಬಹುದು. ಲೆಡ್ಜರಿನಲ್ಲಿ 31,750 ಇತ್ತು ಎಂಬ ವಾದದಿಂದ ಬ್ಯಾಂಕಿನ ಶುಲ್ಕ ಮನ್ನಾ ಆಗುವುದಿಲ್ಲ, ಏಕೆಂದರೆ ನೋಡಬೇಕಾದ ಅಂಕಿ ಅದಾಗಿರಲಿಲ್ಲ. ಹೋಟೆಲಿನ ಪತ್ರದಲ್ಲಿ, ಬಿಲ್ಲನ್ನು ಪ್ರೀ-ಆಥ್‌ನಲ್ಲಿ ಮುರಿದುಕೊಳ್ಳದೆ ಹೊಸ ಮಾರಾಟವಾಗಿ ಹಾಕಲಾಯಿತು ಎಂಬ ಒಂದು ಸಾಲನ್ನು ಬರೆಸಿಕೊಂಡಿದ್ದರೆ, ಎರಡೂ ಶುಲ್ಕಗಳನ್ನು ಹೋಟೆಲಿನಿಂದ ಕೇಳಲು ಆಧಾರ ಸಿಗುತ್ತದೆ. ಕೊಡುವುದೂ ಬಿಡುವುದೂ ಅವರಿಗೆ ಬಿಟ್ಟದ್ದು, ಆದರೆ ಆ ಸಾಲನ್ನು ಪತ್ರ ಬರೆಸುವಾಗಲೇ ಕೇಳಬೇಕು; ತಡೆ ತೆರವಾದ ಮೇಲೆ ಎರಡನೇ ಪತ್ರ ಬರೆದುಕೊಡುವ ಹೋಟೆಲುಗಳು ಕಡಿಮೆ.